ತಟಸ್ಥರನ್ನು ಪಕ್ಕಕ್ಕೆ ಕೂರಿಸಿದ ಮೇಲೆ ಚಾರ್ಟ್ ಸರಿಹೋಯಿತು

ಶಿಕ್ಷಕರ ತರಬೇತಿ ಮುಗಿದ ಮೇಲೆ ಅವರಿಂದ ಅಭಿಪ್ರಾಯ ತುಂಬಿಸಿಕೊಂಡು ವರದಿ ಮಾಡುವುದು ನನ್ನ ಕೆಲಸದ ಒಂದು ಭಾಗ. ನಮೂನೆಯಲ್ಲಿ ಹೇಳಿಕೆಗಳಿರುತ್ತವೆ. ಪ್ರತಿಯೊಂದರ ಎದುರು ಐದು ಆಯ್ಕೆ: ಸ್ವಲ್ಪವೂ ಒಪ್ಪುವುದಿಲ್ಲ, ಒಪ್ಪುವುದಿಲ್ಲ, ತಟಸ್ಥ, ಒಪ್ಪುತ್ತೇನೆ, ಸಂಪೂರ್ಣ ಒಪ್ಪುತ್ತೇನೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಪರಿಚಯಿಸಿದ ಮಾಪಕವೇ ಇದು. ತುಂಬುವವರಿಗೆ ಬಹಳ ಸುಲಭ, ತೋರಿಸುವವರಿಗೆ ಕಷ್ಟ.

ನಮ್ಮಲ್ಲಿ ಬಹುಪಾಲು ವರದಿಗಳು 1ರಿಂದ 5ರ ಅಂಕ ಕೊಟ್ಟು ಸರಾಸರಿ ತೆಗೆದು ಮುಗಿಸಿಬಿಡುತ್ತವೆ. ಅದು ಏಕೆ ಸಾಲದು ಎಂಬುದಕ್ಕೆ ಮೂರು ಹೇಳಿಕೆಗಳನ್ನು ತೆಗೆದುಕೊಳ್ಳುತ್ತೇನೆ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ನಾನೇ ಜೋಡಿಸಿದ್ದೇನೆ. ಎಲ್ಲವೂ ಶೇಕಡಾವಾರು, ಅಸಮ್ಮತಿಯ ತುದಿಯಿಂದ ಸಮ್ಮತಿಯ ತುದಿಯ ಕಡೆಗೆ.

"ವಿಷಯ ನನ್ನ ತರಗತಿಗೆ ಉಪಯುಕ್ತ" ಎಂಬುದಕ್ಕೆ 4, 10, 16, 48, 22. "ತರಬೇತಿಯ ಅವಧಿ ಸಾಕಾಗಿತ್ತು" ಎಂಬುದಕ್ಕೆ 14, 28, 10, 36, 12. "ಕಲಿತದ್ದನ್ನು ಜಾರಿಗೆ ತರಲು ಶಾಲೆಯಲ್ಲಿ ಬೆಂಬಲವಿದೆ" ಎಂಬುದಕ್ಕೆ 8, 18, 44, 22, 8.

ಮೊದಲನೆಯದರ ಸರಾಸರಿ 3.74. ಎರಡನೆಯದು 3.04, ಮೂರನೆಯದೂ 3.04. ಇಂಥ ಪಟ್ಟಿ ನೋಡಿದ ಅಧಿಕಾರಿಯೊಬ್ಬರು "ಈ ಎರಡೂ ಒಂದೇ ಅಲ್ವಾ ಮೇಡಂ?" ಎಂದು ಕೇಳಿದರೆ ತಪ್ಪು ಅವರದಲ್ಲ. ಆದರೆ ಎರಡೂ ಒಂದೇ ಅಲ್ಲವೇ ಅಲ್ಲ. ಅವಧಿಯ ವಿಚಾರದಲ್ಲಿ ಶಿಕ್ಷಕರು ಎರಡು ಬಣವಾಗಿದ್ದಾರೆ: 48 ಮಂದಿ ಸಾಕು ಎಂದರೆ 42 ಮಂದಿ ಸಾಲದು ಎನ್ನುತ್ತಾರೆ. ಬೆಂಬಲದ ವಿಚಾರದಲ್ಲಿ 44 ಮಂದಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವಧಿಯದಕ್ಕೆ ತರಬೇತಿಯ ವೇಳಾಪಟ್ಟಿ ಬದಲಿಸಬೇಕು, ಬೆಂಬಲದ್ದಕ್ಕೆ ಶಾಲೆಗಳಿಗೆ ಹೋಗಿ ವಿಚಾರಿಸಬೇಕು. ಕೈಗೊಳ್ಳುವ ಕ್ರಮವೇ ಬೇರೆಯಾಗಿರುವಾಗ ಅವೆರಡೂ ಒಂದೇ ಸಂಖ್ಯೆಯೊಳಗೆ ಅಡಗಿ ಕೂರಬಾರದು.

ಹಾಗಾಗಿ ನಾನು ಬಳಸುವುದು ಎರಡೂ ದಿಕ್ಕಿಗೆ ಚಾಚುವ ಬಾರ್ ಚಾರ್ಟ್. ನಡುವೆ ಒಂದು ಶೂನ್ಯ ರೇಖೆ. ಒಪ್ಪದವರು ಅದರ ಎಡಕ್ಕೆ, ಒಪ್ಪುವವರು ಬಲಕ್ಕೆ. ತೀವ್ರ ಅಭಿಪ್ರಾಯದವರು ಎರಡೂ ಬದಿಯಲ್ಲಿ ಹೊರತುದಿಗೆ. ಇಷ್ಟರವರೆಗೆ ಯಾರದೂ ತಕರಾರಿಲ್ಲ. ತಟಸ್ಥರನ್ನು ಎಲ್ಲಿ ಇಡಬೇಕು ಎಂಬಲ್ಲಿ ಜಗಳ ಶುರುವಾಗುತ್ತದೆ.

ರಿಚರ್ಡ್ ಹೈಬರ್ಗರ್ ಮತ್ತು ನವೋಮಿ ರಾಬಿನ್ಸ್ 2014ರಲ್ಲಿ ಈ ಚಾರ್ಟಿನ ಬಗ್ಗೆ ವಿವರವಾಗಿ ಬರೆದರು. ಅವರ ಪದ್ಧತಿಯಲ್ಲಿ ತಟಸ್ಥ ಭಾಗ ಶೂನ್ಯ ರೇಖೆಯ ಮೇಲೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹರಡಿಕೊಳ್ಳುತ್ತದೆ. ನೋಡಲು ಚೆನ್ನಾಗಿದೆ, ಐದು ಬಣ್ಣಗಳೂ ಸರಿಯಾದ ಕ್ರಮದಲ್ಲಿ ಬರುತ್ತವೆ. ಆದರೆ ಮೇಲಿನ ಅಂಕಿಗಳನ್ನು ಅದರಲ್ಲಿ ಇಟ್ಟು ನೋಡಿ. ಅವಧಿಯ ಬಾರ್ ಬಲಕ್ಕೆ 48 ಮತ್ತು 5 ಸೇರಿ 53ರವರೆಗೆ ಹೋಗುತ್ತದೆ. ಬೆಂಬಲದ ಬಾರ್ 30 ಮತ್ತು 22 ಸೇರಿ 52ಕ್ಕೆ ಮುಟ್ಟುತ್ತದೆ. ದೂರದಿಂದ ನೋಡಿದರೆ ಎರಡೂ ಅವಳಿಗಳ ಹಾಗೆ! ಸರಾಸರಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಕಾರಣ ಸರಳ: ತಟಸ್ಥರನ್ನು ಅರ್ಧರ್ಧ ಹಂಚಿದಾಗ ಬಾರಿನ ತುದಿ ತೋರಿಸುವುದು ಒಪ್ಪಿದವರಿಗೂ ಒಪ್ಪದವರಿಗೂ ಇರುವ ವ್ಯತ್ಯಾಸವನ್ನು ಮಾತ್ರ. ಇಲ್ಲಿ ಆ ವ್ಯತ್ಯಾಸ ಒಂದರಲ್ಲಿ 6, ಇನ್ನೊಂದರಲ್ಲಿ 4. ಮಧ್ಯದ ಬೂದು ಬಣ್ಣದ ಅಗಲವನ್ನು ಗಮನವಿಟ್ಟು ನೋಡಿದವರಿಗೆ ನಿಜ ಗೊತ್ತಾಗುತ್ತದೆ. ಸಭೆಯಲ್ಲಿ ಅಷ್ಟು ಹೊತ್ತು ಯಾರೂ ನೋಡುವುದಿಲ್ಲ.

ಆದ್ದರಿಂದ ನಾನು ತಟಸ್ಥರನ್ನು ಶೂನ್ಯ ರೇಖೆಯಿಂದ ಎತ್ತಿ, ಬಲಗಡೆ ಪ್ರತ್ಯೇಕ ಕಂಬವಾಗಿ ಇಡುತ್ತೇನೆ. ಆಗ ಅವಧಿಯ ಬಾರ್ ಎಡಕ್ಕೆ 42, ಬಲಕ್ಕೆ 48 ಚಾಚಿ ಉದ್ದವಾಗಿ ನಿಲ್ಲುತ್ತದೆ. ಬೆಂಬಲದ ಬಾರ್ 26 ಮತ್ತು 30ಕ್ಕೆ ಮೋಟಾಗಿ, ಪಕ್ಕದಲ್ಲಿ 44ರ ಬೂದು ಬಾರ್ ಎದ್ದು ಕಾಣುತ್ತದೆ. ತಟಸ್ಥರೆಲ್ಲರೂ ಅರ್ಧ ಒಪ್ಪಿದವರು ಎಂದು ನಾವು ಊಹಿಸಿದಂತೆಯೂ ಆಗುವುದಿಲ್ಲ.

ಇದನ್ನು ಎಕ್ಸೆಲ್‌ನಲ್ಲೇ ಮಾಡಬಹುದು. ಉತ್ತರಗಳು 1ರಿಂದ 5ರ ಅಂಕಿಗಳಾಗಿ C ಕಾಲಮ್ಮಿನಲ್ಲಿವೆ ಎಂದಿಟ್ಟುಕೊಳ್ಳಿ. "ಒಪ್ಪುವುದಿಲ್ಲ" ಎಂಬುದರ ಶೇಕಡಾವಾರು ಹೀಗೆ:

```
=-COUNTIF(C2:C201,2)/COUNT(C2:C201)*100
```

ಮುಂದಿರುವ ಮೈನಸ್ ಬಾರನ್ನು ಎಡಕ್ಕೆ ತಳ್ಳುತ್ತದೆ. ಒಪ್ಪುವ ಆಯ್ಕೆಗಳಿಗೆ ಅದು ಬೇಡ. ಭಾಗಿಸಲು 200 ಎಂದು ಬರೆಯದೆ COUNT ಹಾಕಿರುವುದು ಖಾಲಿ ಬಿಟ್ಟವರು ಲೆಕ್ಕಕ್ಕೆ ಸೇರದಿರಲಿ ಎಂದು. ಖಾಲಿ ಬಿಡುವುದೂ "ನನಗೆ ಅನ್ವಯಿಸುವುದಿಲ್ಲ" ಎನ್ನುವುದೂ ತಟಸ್ಥವಲ್ಲ. ಎರಡನ್ನೂ 3 ಎಂದು ತುಂಬುವ ಅಭ್ಯಾಸ ಡೇಟಾ ಎಂಟ್ರಿ ಮಾಡುವವರಲ್ಲಿ ಇದೆ, ಮೊದಲೇ ಹೇಳಿಡಬೇಕು.

ಕಾಲಮ್ಮುಗಳ ಕ್ರಮ ಮುಖ್ಯ. ಮೊದಲು ಬರುವ ಸರಣಿಯೇ ಶೂನ್ಯ ರೇಖೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ, ಒಪ್ಪುತ್ತೇನೆ, ಸಂಪೂರ್ಣ ಒಪ್ಪುತ್ತೇನೆ, ಆಮೇಲೆ ಒಂದು ಖಾಲಿ ಸರಣಿ, ಕೊನೆಗೆ ತಟಸ್ಥ. ಖಾಲಿ ಸರಣಿಯ ಕೆಲಸ ತಟಸ್ಥ ಬಾರ್‌ಗಳೆಲ್ಲ ಒಂದೇ ಜಾಗದಿಂದ ಹೊರಡುವಂತೆ ಮಾಡುವುದು. 80ರಿಂದ ಹೊರಡಲಿ ಎಂದಾದರೆ, 80ರಲ್ಲಿ ಒಪ್ಪಿದವರ ಮೊತ್ತ ಕಳೆಯಬೇಕು: ನಮ್ಮ ಮೂರು ಹೇಳಿಕೆಗಳಿಗೆ 10, 32, 50. Stacked Bar ಆರಿಸಿ, ಖಾಲಿ ಸರಣಿಗೆ No fill ಕೊಡಿ. ಹೇಳಿಕೆಗಳು ಶೂನ್ಯ ರೇಖೆಯ ಮೇಲೆ ಬಂದು ಬಾರ್‌ಗಳಿಗೆ ಅಡ್ಡವಾಗುತ್ತವೆ, ಅದಕ್ಕೆ Label Position ಅನ್ನು Low ಮಾಡಿದರೆ ಎಡತುದಿಗೆ ಸರಿಯುತ್ತವೆ. ಲೇಬಲ್ಲುಗಳ ನಂಬರ್ ಫಾರ್ಮ್ಯಾಟಿಗೆ `0;0` ಕೊಟ್ಟರೆ ಮೈನಸ್ ಚಿಹ್ನೆ ಮಾಯವಾಗುತ್ತದೆ. ಕೆಳಗಿನ ಅಕ್ಷದ ಅಂಕಿಗಳನ್ನು ಅಳಿಸಿಬಿಡುತ್ತೇನೆ, 80ರಾಚೆ ಅವಕ್ಕೆ ಅರ್ಥವಿಲ್ಲ. ಲೆಜೆಂಡ್ ಕೂಡ ತೆಗೆದು, ಆಯ್ಕೆಗಳ ಹೆಸರನ್ನು ಮೇಲಿನ ಬಾರಿನ ನೆತ್ತಿಯ ಮೇಲೆ ಟೆಕ್ಸ್ಟ್ ಬಾಕ್ಸಿನಲ್ಲಿ ಬರೆಯುತ್ತೇನೆ. ಇಲ್ಲದಿದ್ದರೆ ನಾವು ಕೊಟ್ಟ ತಿರುಗಾ ಮುರುಗಾ ಕ್ರಮವೇ ಅಲ್ಲೂ ಕಾಣಿಸುತ್ತದೆ.

ಬಣ್ಣಕ್ಕೆ ಕೆಂಪು, ಹಸಿರು ಬಿಟ್ಟು ಕಂದು ಮತ್ತು ನೀಲಿ ಹಾಕುತ್ತೇನೆ. ಕೆಂಪು ಹಸಿರಿನ ಭೇದ ಕಾಣದವರು ಯಾವ ಸಭೆಯಲ್ಲಾದರೂ ಇರಬಹುದು. ಕಚೇರಿಗಳಲ್ಲಿ ವರದಿ ಕೊನೆಗೆ ಕಪ್ಪು ಬಿಳುಪಿನ ಜೆರಾಕ್ಸ್ ಆಗುತ್ತದೆ. ಆಗ ಎರಡೂ ತುದಿಯ ಗಾಢ ಬಣ್ಣ ಒಂದೇ ಕಪ್ಪಾಗುವುದರಿಂದ ಶೂನ್ಯ ರೇಖೆ ದಪ್ಪಗಿರಬೇಕು, "ಒಪ್ಪದವರು", "ಒಪ್ಪುವವರು" ಎಂದು ಎರಡೂ ಬದಿಗೆ ಬರೆದಿರಬೇಕು.

ಹೇಳಿಕೆಗಳನ್ನು ನಮೂನೆಯ ಕ್ರಮದಲ್ಲಿ ಇಡದೆ, ಒಪ್ಪಿದವರ ಮೊತ್ತದ ಇಳಿಕೆಯ ಕ್ರಮದಲ್ಲಿ ಇಡಿ: 70, 48, 30. ಎಕ್ಸೆಲ್ ಮೊದಲ ಸಾಲನ್ನು ಎಲ್ಲಕ್ಕಿಂತ ಕೆಳಗೆ ಹಾಕುತ್ತದೆ, Categories in reverse order ಟಿಕ್ ಮಾಡಿದರೆ ಸರಿಯಾಗುತ್ತದೆ.

ಎಲ್ಲ ಬಾರ್‌ಗಳೂ ಬಲಕ್ಕೆ ವಾಲಿರುವಾಗ ಒಂದೇ ಒಂದು ಎಡಕ್ಕೆ ಜೋರಾಗಿ ವಾಲಿದ್ದರೆ ಆ ಹೇಳಿಕೆಯನ್ನು ಇನ್ನೊಮ್ಮೆ ಓದಿ ನೋಡುತ್ತೇನೆ. ಹೆಚ್ಚಾಗಿ ಅದು "ತರಬೇತಿಯಿಂದ ಸಮಯ ವ್ಯರ್ಥವಾಯಿತು" ಎಂಬಂಥ ತಿರುಗಿಸಿ ಕೇಳಿದ ಹೇಳಿಕೆಯಾಗಿರುತ್ತದೆ. ಅಂಕಿಗಳನ್ನು ಸದ್ದಿಲ್ಲದೆ ತಿರುಗಿಸಿ ಉಳಿದವುಗಳ ಜೊತೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಜನ ಓದಿದ ವಾಕ್ಯಕ್ಕೆ ಜನ ಕೊಟ್ಟ ಉತ್ತರ ಹಾಗೇ ಇರಲಿ, ಅಂಥವನ್ನು ಕೆಳಗೆ ಬೇರೆ ಗುಂಪಾಗಿ ಇಡುತ್ತೇನೆ.

ಈ ಚಾರ್ಟಿಗೆ ಒಂದು ಮಿತಿಯಿದೆ. ಶೂನ್ಯ ರೇಖೆಗೆ ತಾಗಿದ ಭಾಗಗಳನ್ನೂ ಬಾರಿನ ಒಟ್ಟು ಉದ್ದವನ್ನೂ ಕಣ್ಣಳತೆಯಲ್ಲೇ ಹೋಲಿಸಬಹುದು. ಆದರೆ "ಸಂಪೂರ್ಣ ಒಪ್ಪುತ್ತೇನೆ" ಎಂಬ ಭಾಗ ಪ್ರತಿ ಬಾರಿನಲ್ಲೂ ಬೇರೆ ಬೇರೆ ಜಾಗದಿಂದ ಹೊರಡುವುದರಿಂದ 12 ಮತ್ತು 8ರ ಅಂತರ ಕಣ್ಣಿಗೆ ಸಿಗುವುದಿಲ್ಲ. ತೀವ್ರವಾಗಿ ಒಪ್ಪಿದವರೇ ಚರ್ಚೆಯ ವಿಷಯವಾದಾಗ ನಾನು ಈ ಚಾರ್ಟ್ ಬಿಟ್ಟು, ಆ ಒಂದು ಆಯ್ಕೆಗೇ ಸಾದಾ ಬಾರ್ ಹಾಕುತ್ತೇನೆ.