ಐಎಲ್‌ಆರ್ ಅಲಾರಂ ಕೂಗುವ ಮೊದಲೇ ಗೊತ್ತಾಗಬೇಕಾದರೆ

ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್ 2ರಿಂದ 8 ಡಿಗ್ರಿಯೊಳಗಿದ್ದರೆ ಸೆನ್ಸರ್ ಸುಮ್ಮನಿರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬಿಸಿಯಾಗುತ್ತಿದ್ದರೂ ಅದು ಕೂಗುವುದು 8 ದಾಟಿದ ಮೇಲೇ. ಹಾಗಾಗಿ ನಾನು ಬೆಳಗಿನ ಜಾವ 3ರಿಂದ 5ರವರೆಗಿನ ಸರಾಸರಿ ಮಾತ್ರ ಬರೆದಿಡುತ್ತೇನೆ. ಆಗ ಯಾರೂ ಮುಚ್ಚಳ ತೆಗೆಯುವುದಿಲ್ಲ ಅಲ್ವಾ.

ಕಳೆದ ತಿಂಗಳು ಸೋಮವಾರಪೇಟೆ ಕಡೆಯ ಒಂದು ಕೇಂದ್ರದ ಏಳು ದಿನದ ಲೆಕ್ಕ: 4.2, 4.3, 4.6, 4.8, 5.0, 5.3, 5.5. ಎಲ್ಲವೂ 'ಸರಿ' ಅನ್ನುವ ಅಂಕಿಗಳೇ! ಶೀಟ್‌ನಲ್ಲಿ A ಕಾಲಂಗೆ ತಾರೀಕು, B ಕಾಲಂಗೆ ಸರಾಸರಿ ಹಾಕಿ:

```
=SLOPE(B2:B8,A2:A8)
```

0.225 ಬಂತು, ಅಂದರೆ ದಿನಕ್ಕೆ ಸುಮಾರು ಕಾಲು ಡಿಗ್ರಿ ಏರಿಕೆ. ಹೀಗೇ ಹೋದರೆ 8 ಮುಟ್ಟಲು ಹನ್ನೊಂದು ದಿನ. ನಾನು 0.15 ದಾಟಿದರೆ ಗ್ರೂಪಿಗೆ ಮೆಸೇಜ್ ಹಾಕುತ್ತೇನೆ. ಇದು ನನ್ನದೇ ಗೆರೆ, ನಿಮ್ಮ ಯಂತ್ರ ನೋಡಿ ಬದಲಿಸಿಕೊಳ್ಳಿ.

ಮುಚ್ಚಳದ ರಬ್ಬರ್‌ಗೆ ಕಾಗದ ಸಿಕ್ಕಿಸಿ ಎಳೆದರೆ ಒಂದು ಮೂಲೆಯಲ್ಲಿ ಸಲೀಸಾಗಿ ಜಾರಿತು. ಆ ಮೂಲೆಯಲ್ಲೇ ಹಿಮವೂ ಜಾಸ್ತಿ ಕಟ್ಟಿತ್ತು. ನಮ್ಮ ಮಳೆಗಾಲದ ತೇವದ ಗಾಳಿ ಅಲ್ಲಿಂದಲೇ ನುಗ್ಗುತ್ತಿತ್ತು. ರಬ್ಬರ್ ಸರಿಯಿದ್ದರೆ ಹಿಂದಿನ ಕಂಡೆನ್ಸರ್ ಧೂಳು ನೋಡಿ.

ಇಡೀ ರಾತ್ರಿ ಕರೆಂಟ್ ಹೋದ ದಿನದ ಖಾನೆ ಖಾಲಿ ಬಿಡಿ, ಇಲ್ಲದಿದ್ದರೆ ಲೆಕ್ಕ ದಾರಿ ತಪ್ಪಿಸುತ್ತದೆ. ಏರಿಕೆ ಕಂಡ ಕೂಡಲೇ ಥರ್ಮೋಸ್ಟಾಟ್ ತಿರುಗಿಸಬೇಡಿ. ದೋಷ ಮುಚ್ಚಿಹೋಗುತ್ತದೆ, ಮೇಲಾಗಿ ತಂಪು ಹೆಚ್ಚಾಗಿ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.