ದುಬೈಯ 8,000 ದಿರ್ಹಂ: ನಾನು ಲೆಕ್ಕ ಹಾಕುವ ರೀತಿ

ಉಪ್ಪಳ, ಕುಂಬಳೆ ಕಡೆ ಗಲ್ಫಿನ ಸಂಬಳ ಎಂದರೆ ಮೊದಲು ಮಾಡುವುದು ಗುಣಾಕಾರ. ದಿರ್ಹಂಗೆ 23 ರೂಪಾಯಿ ಎಂದು ಹಿಡಿದರೆ 8,000 ದಿರ್ಹಂ ತಿಂಗಳಿಗೆ 1,84,000 ರೂಪಾಯಿ. ಇಂಟರ್ನೆಟ್ಟಿನ ಕೊಳ್ಳುವ ಶಕ್ತಿಯ ಲೆಕ್ಕಕ್ಕೆ ಅದೇ ಸಂಬಳ ಹಾಕಿದರೆ ಮಂಗಳೂರಿನ ಕೆಲಸವೇ ವಾಸಿ ಎಂದು ಬಂದರೂ ಬಂದೀತು. ಎರಡೂ ಲೆಕ್ಕ ಅರ್ಧ ಸರಿ. ಅಲ್ಲೇ ಖರ್ಚಾಗುವ ಹಣವನ್ನು ಅಲ್ಲಿನ ಬೆಲೆಯಿಂದ ಅಳೆಯಬೇಕು, ಊರಿಗೆ ಬರುವ ಹಣವನ್ನು ಮಾತ್ರ ವಿನಿಮಯ ದರದಿಂದ. ನಾನು ಸಂಬಳವನ್ನು ಮೊದಲೇ ಹೀಗೆ ಎರಡು ಪಾಲು ಮಾಡುತ್ತೇನೆ.

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮವನ್ನು ಹಾಕಿಕೊಳ್ಳಿ. ಮಂಗಳೂರಿನಲ್ಲಿ 60,000 ರೂಪಾಯಿ ಸಂಬಳ, ಖರ್ಚು 28,000, ಉಳಿತಾಯ 32,000. ದುಬೈಯಲ್ಲಿ ಒಬ್ಬರೇ ಇದ್ದು ರೂಮು ಹಂಚಿಕೊಂಡರೆ ಬಾಡಿಗೆ 1,800, ಊಟ 1,000, ಬಸ್ಸು ಮೆಟ್ರೋ 350, ಫೋನು 150, ವರ್ಷದ ಟಿಕೆಟಿನ ತಿಂಗಳ ಪಾಲು 150, ಇತರೆ 550. ಒಟ್ಟು 4,000 ದಿರ್ಹಂ. ಇಲ್ಲಿ 28,000 ರೂಪಾಯಿ ಮಾಡುವ ಕೆಲಸವನ್ನು ಅಲ್ಲಿ 4,000 ದಿರ್ಹಂ ಮಾಡುತ್ತದೆ. ಅಂದರೆ ಖರ್ಚಿನ ಮಟ್ಟಿಗೆ ಒಂದು ದಿರ್ಹಂ 7 ರೂಪಾಯಿಗೆ ಸಮ, 23ಕ್ಕೆ ಅಲ್ಲ.

ಇಡೀ ಸಂಬಳವನ್ನು 7ರಿಂದ ಗುಣಿಸಿದರೆ 56,000, ಈಗಿನ ಸಂಬಳಕ್ಕಿಂತ ಕಡಿಮೆ. ಆದರೆ ಉಳಿದ 4,000 ದಿರ್ಹಂ ಊರಿಗೆ ಬರುವುದು 23ರ ದರದಲ್ಲಿ, ಅಂದರೆ 92,000. ಹೋಲಿಸಬೇಕಾದದ್ದು ಈ 92,000ವನ್ನು 32,000ದ ಜೊತೆ. ಬದಿಯಡ್ಕದಲ್ಲಿ ಮನೆ ಕಟ್ಟುವವರಿಗೆ ಇದೇ ಮುಖ್ಯ ಅಂಕಿ. ಮಂಗಳೂರಿನಲ್ಲಿ ಸ್ವಂತ ರೂಮಿದ್ದವರು ಅಲ್ಲಿಯೂ ಒಬ್ಬರೇ ಇರಲು ಹೊರಟು ಖರ್ಚು 6,000ಕ್ಕೆ ಏರಿದರೆ ಉಳಿತಾಯ 46,000ಕ್ಕೆ ಇಳಿಯುತ್ತದೆ. ಉಳಿದ ಲಾಭ ಹಂಚಿಕೊಂಡ ರೂಮಿನ ಕಷ್ಟಕ್ಕೆ ಸಿಗುವ ಕೂಲಿ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರೆ ಬಾಡಿಗೆ, ಶಾಲೆಯ ಫೀಸು ಸೇರಿ ಹೆಚ್ಚು ಪಾಲು 7ರ ಕಡೆಗೇ ಜಾರುತ್ತದೆ. ಕುಟುಂಬ ವೀಸಾಕ್ಕೆ 4,000 ದಿರ್ಹಂ ಸಂಬಳ ಸಾಕು ಎಂಬ ನಿಯಮವನ್ನು ಸಂಸಾರ ಸಾಗಿಸಲು ಸಾಕು ಎಂದು ಓದಿಕೊಂಡವರು ಬಹಳ.

ಆಫರ್ ಲೆಟರಿನಲ್ಲಿ ಮೊದಲು ನೋಡುವುದು ಬೇಸಿಕ್. ಗ್ರಾಚ್ಯುಯಿಟಿ ಬರುವುದು ಅದರ ಮೇಲೆ ಮಾತ್ರ: ಒಂದು ವರ್ಷ ತುಂಬಿದ ಮೇಲೆ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್. ಬೇಸಿಕ್ 4,000 ಇದ್ದರೆ ವರ್ಷಕ್ಕೆ 2,800 ದಿರ್ಹಂ, 2,400 ಇದ್ದರೆ 1,680. ಒಟ್ಟು ಸಂಬಳ ಎರಡರಲ್ಲೂ 8,000ವೇ. ಇಲ್ಲಿ ಕೆಲಸ ಬಿಟ್ಟರೆ ಪಿಎಫ್ ತಪ್ಪುತ್ತದೆ, ಅದನ್ನು ಇದರ ಎದುರು ಇಡಿ.

ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಪೆಟ್ಟು ಬೀಳುವುದು ಇಲ್ಲಿ, ಅದೂ ಹೊರಡುವ ತಾರೀಖಿನಿಂದ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ದಿನ ತುಂಬುತ್ತದೆ. ಅಷ್ಟು ದಿನ ಭಾರತದಲ್ಲಿದ್ದವರು ಆ ಹಣಕಾಸು ವರ್ಷಕ್ಕೆ ಇಲ್ಲಿನ ನಿವಾಸಿಗಳೇ, ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕು. ನಮ್ಮ ಉದಾಹರಣೆಯವರು ಅಕ್ಟೋಬರ್ ಮೊದಲಿಗೆ ಹೊರಟರೆ ಆರು ತಿಂಗಳ ಇಲ್ಲಿನ 3,60,000, ಆರು ತಿಂಗಳ ಅಲ್ಲಿನ 11,04,000, ಒಟ್ಟು 14,64,000 ಆಗುತ್ತದೆ. 2025-26ರ ಹೊಸ ಪದ್ಧತಿಯಲ್ಲಿ 75,000 ಕಳೆದರೂ 12 ಲಕ್ಷದ ರಿಯಾಯಿತಿ ಮಿತಿ ದಾಟಿ, ಸೆಸ್ ಸೇರಿ ಸುಮಾರು 92,000 ತೆರಿಗೆ ಬರುತ್ತದೆ. ಒಂದು ತಿಂಗಳ ಪೂರ್ತಿ ಉಳಿತಾಯ! ಸೆಪ್ಟೆಂಬರ್ ಮಧ್ಯದಲ್ಲಿ ಹೊರಟು, ಮಾರ್ಚ್ ಒಳಗೆ ರಜೆಗೆಂದು ಬಂದು ದಿನ ತುಂಬಿಸದಿದ್ದರೆ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಸೇರುವ ತಾರೀಖು ಎರಡು ವಾರ ಹಿಂದಕ್ಕೆ ಕೇಳುವುದರಲ್ಲಿ ನಾಚಿಕೆಯಿಲ್ಲ.

ಇನ್ನು ದರ. ಮೊಬೈಲಿನಲ್ಲಿ ಕಾಣುವ 23 ಎಕ್ಸ್‌ಚೇಂಜಿನ ಕೌಂಟರಿನಲ್ಲಿ ಸಿಗುವುದಿಲ್ಲ. ಅವರು 22.85 ಕೊಟ್ಟು 20 ದಿರ್ಹಂ ಶುಲ್ಕ ಹಿಡಿದರೆ 4,000ದಲ್ಲಿ 3,980 ಮಾತ್ರ ಹೊರಡುತ್ತದೆ, ಊರಿನ ಖಾತೆಗೆ 90,943 ರೂಪಾಯಿ ಬೀಳುತ್ತದೆ. ಅದನ್ನು 4,000ದಿಂದ ಭಾಗಿಸಿದರೆ 22.74, ನಿಮ್ಮ ನಿಜವಾದ ದರ ಅದು. ‘ಶುಲ್ಕವಿಲ್ಲ’ ಎಂಬ ಬೋರ್ಡಿನ ಕೆಳಗೂ ಇದೇ ಭಾಗಾಕಾರ ಮಾಡಿ, ಶುಲ್ಕ ದರದೊಳಗೆ ಕೂತಿರುತ್ತದೆ.

ದಿರ್ಹಂ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ಹಾಗಾಗಿ ರೂಪಾಯಿ ಡಾಲರಿನೆದುರು ಏರಿಳಿದಷ್ಟೇ ದಿರ್ಹಂ ಎದುರೂ ಏರಿಳಿಯುತ್ತದೆ. ರೂಪಾಯಿ ಇನ್ನೂ ಬೀಳುತ್ತದೆ ಎಂಬ ಆಸೆಯನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ. ಬದಲಿಗೆ 21ರಲ್ಲೂ ಒಮ್ಮೆ ಹಾಕಿ ನೋಡುತ್ತೇನೆ: 84,000. ಈ ಅಂಕಿಯಲ್ಲಿ ಮನೆ ಸಾಲದ ಕಂತು, ಊರಿನ ಖರ್ಚು ಸಾಗುತ್ತದೆ ಎಂದಾದರೆ ಮಾತ್ರ ಆಫರಿಗೆ ಸಹಿ ಹಾಕಲು ಹೇಳುತ್ತೇನೆ.