ಆಸ್ಪತ್ರೆಯ ರಾತ್ರಿ: ಮಾತ್ರೆಗೆ ಮೊದಲು ಒಂದು ಚೀಟಿ

‘ಸಿಸ್ಟರ್, ಅಪ್ಪ ಕಣ್ಣೇ ಮುಚ್ಚಿಲ್ಲ. ಒಂದು ನಿದ್ದೆ ಮಾತ್ರೆ ಕೊಟ್ಟುಬಿಡಿ.’

ಬೆಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ವಯಸ್ಸಾದವರಿಗೆ ಆ ಮಾತ್ರೆ ಕೊಡಲು ವೈದ್ಯರು ಹಿಂದೆಮುಂದೆ ನೋಡುವುದಕ್ಕೆ ಕಾರಣವಿದೆ. ಮಂಪರಿನಲ್ಲಿ ಬಚ್ಚಲಿಗೆಂದು ಎದ್ದವರು ಬೀಳುತ್ತಾರೆ. ಕೆಲವರಿಗೆ ಬುದ್ಧಿ ಮಂಕಾಗಿ, ಇದು ಮನೆಯೋ ಆಸ್ಪತ್ರೆಯೋ ತಿಳಿಯದ ಹಾಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಯಲ್ಲಿ ಬಹಳ ಮಂದಿಗೆ ನಿದ್ದೆ ಬಾರದೆ ಇರುವುದಿಲ್ಲ. ನಿದ್ದೆ ಬಂದವರನ್ನು ಯಾರೋ ಎಬ್ಬಿಸಿರುತ್ತಾರೆ.

ಯಾರು ಎಬ್ಬಿಸಿದರು ಎಂದು ಕಂಡುಹಿಡಿಯಲು ಒಂದು ಚೀಟಿ, ಒಂದು ಪೆನ್ನು ಸಾಕು.

ಮೊದಲ ರಾತ್ರಿ: ಬರೆದಿಡಿ

ಜೊತೆಗಿರುವವರು ರೋಗಿ ಎಚ್ಚರಗೊಂಡಾಗಲೆಲ್ಲ ಗಂಟೆ ಮತ್ತು ಕಾರಣ ಬರೆಯಬೇಕು. ಜಯನಗರದ ಕಡೆಯ ಮನೆಯೊಂದರ ಮಗಳು ಹಾಗೆ ಬರೆದ ಚೀಟಿ ನನಗೆ ಇನ್ನೂ ನೆನಪಿದೆ. ಅವರ ತಂದೆಗೆ 72 ವರ್ಷ. ಹೃದಯ ದುರ್ಬಲವಾಗಿ ಕಾಲು ಊದಿತ್ತು, ಜೊತೆಗೆ ಎದೆಯಲ್ಲಿ ಸೋಂಕು. ಇಬ್ಬರು ರೋಗಿಗಳಿರುವ ಶೇರಿಂಗ್ ರೂಮು.

ರಾತ್ರಿ 9.30, ಮೂತ್ರ. 10.30, ಮೂತ್ರ. 11, ಡ್ರಿಪ್ ಪಂಪಿನ ಕೂಗು. 11.20, ಮತ್ತೆ ಪಂಪು. 12, ಬಿಪಿ. 12.40, ಮೂತ್ರ. 2, ಪಕ್ಕದ ಹಾಸಿಗೆಯವರ ಫೋನು. 5, ರಕ್ತ ತೆಗೆಯಲು ಬಂದರು. 5.30, ಟ್ಯೂಬ್‌ಲೈಟ್ ಹಾಕಿ ನೆಲ ಒರೆಸಿದರು.

ಒಂಬತ್ತು ಸಲ. ಇದರಲ್ಲಿ ಯಾವುದಕ್ಕೆ ಮಾತ್ರೆ ಮದ್ದು, ನೀವೇ ಹೇಳಿ.

ಬೆಳಗಿನ ರೌಂಡ್ಸ್‌ನಲ್ಲಿ ಕೇಳಿ

ರಾತ್ರಿ ಡ್ಯೂಟಿ ಡಾಕ್ಟರನ್ನು ಹಿಡಿದು ಕೇಳಿದರೆ ಕೆಲಸವಾಗುವುದು ಅಪರೂಪ. ಬೇರೆ ಡಾಕ್ಟರ್ ಬರೆದ ಆರ್ಡರನ್ನು ಅವರು ಸುಲಭವಾಗಿ ಬದಲಿಸುವುದಿಲ್ಲ. ಚೀಟಿಯನ್ನು ಬೆಳಗ್ಗೆ ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರಿಗೆ ತೋರಿಸಿ. ಕೇಳಬೇಕಾದ್ದು ಎರಡೇ ಸಂಗತಿ.

ಒಂದು, ನೀರಿಳಿಸುವ ಔಷಧಿಯ ಹೊತ್ತು. ಈ ತಂದೆಗೆ ಲ್ಯಾಸಿಕ್ಸ್ ಇಂಜೆಕ್ಷನ್ ಬೆಳಗ್ಗೆ 8ಕ್ಕೆ, ರಾತ್ರಿ 8ಕ್ಕೆ ಬೀಳುತ್ತಿತ್ತು. ರಕ್ತನಾಳಕ್ಕೆ ಕೊಟ್ಟರೆ ಅದು ಐದು ನಿಮಿಷದಲ್ಲೇ ಕೆಲಸ ಶುರು ಮಾಡಿ ಸುಮಾರು ಎರಡು ಗಂಟೆ ಜೋರಾಗಿ ಮೂತ್ರ ಇಳಿಸುತ್ತದೆ. ಮಾತ್ರೆಯಾದರೆ ಆರು ಗಂಟೆಯವರೆಗೂ ಎಳೆಯಬಹುದು. ಎರಡನೇ ಡೋಸನ್ನು ಮಧ್ಯಾಹ್ನ 3ಕ್ಕೆ ತರಬಹುದೇ ಎಂದು ಮಗಳು ಕೇಳಿದರು. ಡಾಕ್ಟರು ಕೇಸ್ ಶೀಟ್ ನೋಡಿ ಒಪ್ಪಿದರು. ಸ್ಟೀರಾಯ್ಡ್ ತೆಗೆದುಕೊಳ್ಳುವವರೂ ಇದೇ ಪ್ರಶ್ನೆ ಕೇಳಬೇಕು, ಸಂಜೆಯ ಸ್ಟೀರಾಯ್ಡ್ ನಿದ್ದೆಯನ್ನು ಓಡಿಸುತ್ತದೆ. ಆದರೆ ಕೇಳದೆ ನೀವೇ ಹೊತ್ತು ಬದಲಿಸಬೇಡಿ.

ಎರಡು, ನಡುರಾತ್ರಿಯ ಬಿಪಿ. ಜ್ವರ ಇಳಿದು, ಬಿಪಿ ಒಂದೆರಡು ದಿನದಿಂದ ಏರುಪೇರಿಲ್ಲದೆ, ಆಕ್ಸಿಜನ್ ಇಲ್ಲದೆ ಉಸಿರಾಡುತ್ತಿದ್ದರೆ ರಾತ್ರಿ 10ರ ಬಳಿಕ ಬೆಳಗ್ಗೆ 6ಕ್ಕೆ ನೋಡಿದರೆ ಸಾಕೇ ಎಂದು ಕೇಳಬಹುದು. ಐಸಿಯುವಿನಿಂದ ಅಂದೇ ಬಂದವರು, ಆಪರೇಷನ್ ಆದ ಮೊದಲ ದಿನದವರು, ಇನ್ಸುಲಿನ್ ಹೊಂದಿಸುತ್ತಿರುವವರು ಇದನ್ನು ಕೇಳುವುದೇ ಬೇಡ. ಅವರನ್ನು ಎಬ್ಬಿಸಲೇಬೇಕು.

ಪಂಪಿನ ಕೂಗು

ಇದು ನನ್ನ ಹಳೆಯ ಸಿಟ್ಟು. ಸೂಜಿ ಮೊಣಕೈ ಮಡಿಕೆಯಲ್ಲಿದ್ದರೆ ರೋಗಿ ಕೈ ಮಡಚಿದ ಕೂಡಲೇ ಹರಿವು ನಿಂತು ಪಂಪು ಕೂಗುತ್ತದೆ. ಅರ್ಧ ಗಂಟೆಯ ಆಂಟಿಬಯಾಟಿಕ್ ಹೀಗೆ ನಿಂತು ನಿಂತು ಎರಡು ಗಂಟೆ ಎಳೆಯುತ್ತದೆ. ಸಂಜೆಯೇ ನೋಡಿ, ಸೂಜಿ ಮಡಿಕೆಯಲ್ಲಿದ್ದರೆ ಮುಂದಿನ ಸಲ ಮುಂಗೈಗೆ ಹಾಕಲು ಕೇಳಿ. ಅಲ್ಲಿಯವರೆಗೆ ಕೈ ಕೆಳಗೆ ದಿಂಬು ಕೊಟ್ಟು ನೇರವಾಗಿಡಿ. ಪಂಪಿನ ಬಟನ್ ಮಾತ್ರ ನೀವು ಮುಟ್ಟಬೇಡಿ. ಕೂಗು ನಿಲ್ಲಿಸಿ ಔಷಧಿ ನಿಂತೇ ಇದ್ದ ರಾತ್ರಿಗಳನ್ನು ನೋಡಿದ್ದೇನೆ.

ಬೆಳಕು ಶುರುವಾಗುವುದು ಬೆಳಗ್ಗೆ

ರಾತ್ರಿ ಲೈಟ್ ಆರಿಸಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ದೇಹದ ಗಡಿಯಾರಕ್ಕೆ ಹೊತ್ತು ತಿಳಿಯುವುದು ಮುಖ್ಯವಾಗಿ ಹಗಲಿನ ಬೆಳಕಿನಿಂದ. ದಿನವಿಡೀ ಪರದೆ ಎಳೆದ ರೂಮಿನಲ್ಲಿ ಮಲಗಿದವರಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಬೆಳಗ್ಗೆ 7ಕ್ಕೆ ಪರದೆ ಸರಿಸಿ. ಡಾಕ್ಟರು ಬೇಡವೆನ್ನದಿದ್ದರೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಿಸಿ. ತಿಂಡಿ, ಊಟ ಕೂತೇ ಆಗಲಿ. ಮಧ್ಯಾಹ್ನದ ತೂಕಡಿಕೆ 3ರೊಳಗೆ, ಅರ್ಧ ಗಂಟೆಗೆ ಸಾಕು. ಕಷ್ಟವೆಂದರೆ ನೆಂಟರು. ಅಜ್ಜ ಮಲಗಿರಲಿ ಪಾಪ ಎಂದು ಸಂಜೆ ಆರರವರೆಗೂ ಎಬ್ಬಿಸದೆ ಬಿಡುವವರು ಅವರೇ.

ಸಂಜೆ ನಾಲ್ಕರ ಫಿಲ್ಟರ್ ಕಾಫಿ ತಪ್ಪಿಸುವುದು ಇನ್ನೂ ಕಷ್ಟ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ಬೆಳಗಿನ ಕಾಫಿ ಇರಲಿ, ಮಧ್ಯಾಹ್ನದ ನಂತರ ಬೇಡ.

ರಾತ್ರಿ 9.30ಕ್ಕೆ ಟ್ಯೂಬ್‌ಲೈಟ್ ಆರಿಸಿ ಬಚ್ಚಲಿನ ಲೈಟ್ ಹಾಕಿ, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಡಿ. ಬೀಳದಂತೆ ನಡೆಯಲು ಅಷ್ಟು ಬೆಳಕು ಸಾಕು. ಅದೂ ಕಣ್ಣಿಗೆ ಹೊಡೆದರೆ ಕಣ್ಣುಪಟ್ಟಿ ಕಟ್ಟಿ.

ಸದ್ದು

ರಾತ್ರಿ ವಾರ್ಡಿನೊಳಗೆ 30 ಡೆಸಿಬಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅದು ಪಿಸುಮಾತಿನಷ್ಟು. ನಮ್ಮ ಕಾನೂನು ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂದು, ರಾತ್ರಿ 40 ಡೆಸಿಬಲ್ ಮಿತಿಯೆಂದು ಹೇಳುತ್ತದೆ. ಬೆಂಗಳೂರಿನ ಹಾರನ್ನಿಗೆ ಅದು ಗೊತ್ತಿಲ್ಲ. ರಸ್ತೆ ಕಡೆಯ ಕಿಟಕಿ ಮುಚ್ಚಿ, ಪಕ್ಕದ ಹಾಸಿಗೆಯವರೊಡನೆ ಸಂಜೆಯೇ ಮಾತಾಡಿಕೊಳ್ಳಿ: ‘ಅಣ್ಣ, ಹತ್ತರ ಮೇಲೆ ಇಬ್ಬರದ್ದೂ ಫೋನ್ ಸೈಲೆಂಟ್‌ಗೆ ಹಾಕೋಣ್ವಾ?’ ರಾತ್ರಿ ಎರಡು ಗಂಟೆಗೆ ಹೇಳಿದರೆ ಅದು ಜಗಳ.

ಕಿವಿಗೆ ಹತ್ತಿ ತುರುಕುವುದರಿಂದ ಹೆಚ್ಚು ಉಪಯೋಗವಿಲ್ಲ. ಫೋಮಿನ ಇಯರ್‌ಪ್ಲಗ್ ತನ್ನಿ. ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಹಿಡಿಯಿರಿ. ಕಿವಿ ಸೋರುವವರಿಗೆ, ಗೊಂದಲದಲ್ಲಿರುವವರಿಗೆ ಬೇಡ.

ಮಲಗುವ ಮುನ್ನ

ಅಮೆರಿಕದ ವೈದ್ಯೆ ಶರೋನ್ ಇನೌಯೆ ಆಸ್ಪತ್ರೆಯ ಹಿರಿಯರಿಗಾಗಿ ರೂಪಿಸಿದ ಕ್ರಮದಲ್ಲಿ ನಿದ್ದೆಗೆ ಮೂರು ಸಂಗತಿಗಳಿವೆ: ಬೆಚ್ಚಗಿನ ಪಾನೀಯ, ಮೆಲುವಾದ ಸಂಗೀತ, ಬೆನ್ನು ನೀವುವುದು. ನಮ್ಮ ಅಜ್ಜಿಯರಿಗೆ ಇದು ಹೊಸದಲ್ಲ. ಈ ತಂದೆಗೆ ದಿನಕ್ಕೆ ಒಂದೂವರೆ ಲೀಟರ್ ನೀರಿನ ಮಿತಿಯಿತ್ತು, ಆದ್ದರಿಂದ ಅರ್ಧ ಲೋಟ ಹಾಲನ್ನೂ ಆ ಲೆಕ್ಕದಲ್ಲೇ ಬರೆದೆವು. ಮಂಚದ ತಲೆಯ ಕಡೆ ಎತ್ತರಿಸಿಯೇ ಇಟ್ಟೆವು. ಇಂಥವರನ್ನು ಚಪ್ಪಟೆ ಮಲಗಿಸಿದರೆ ಉಸಿರು ಕಟ್ಟಿ ಏಳುತ್ತಾರೆ. ಯೂರಿನ್ ಪಾಟ್ ಕೈಗೆಟುಕುವಲ್ಲಿತ್ತು.

ಮೂರನೇ ರಾತ್ರಿಯ ಚೀಟಿಯಲ್ಲಿ ಮೂರೇ ಸಾಲು: 1.30 ಮೂತ್ರ, 5 ರಕ್ತ, 5.30 ನೆಲ ಒರೆಸಿದರು. ಕೊನೆಯ ಎರಡನ್ನು ಬದಲಿಸಲು ನಮಗಾಗಲಿಲ್ಲ. ರೌಂಡ್ಸ್ ಹೊತ್ತಿಗೆ ರಿಪೋರ್ಟ್ ಬರಬೇಕೆಂದರೆ ಲ್ಯಾಬಿಗೆ ರಕ್ತ ಐದಕ್ಕೇ ಬೇಕು.

ಇವು ನಿದ್ದೆಯ ತೊಂದರೆಯಲ್ಲ

ರಾತ್ರಿ ಇದ್ದಕ್ಕಿದ್ದಂತೆ ಇಲ್ಲದವರೊಡನೆ ಮಾತಾಡುವುದು, ಹೊದಿಕೆ ಕೀಳುವುದು, ಹಗಲಲ್ಲಿ ಎಬ್ಬಿಸಿದರೂ ಏಳದಷ್ಟು ಮಂಪರು, ಮಲಗಿದರೆ ಉಸಿರಾಟ ಹೆಚ್ಚಾಗುವುದು ಕಂಡರೆ ಚೀಟಿ ಬದಿಗಿಟ್ಟು ಸಿಸ್ಟರನ್ನು ಕೂಗಿ. ಮನೆಯಲ್ಲಿ ವರ್ಷಗಳಿಂದ ನಿದ್ದೆ ಮಾತ್ರೆ ನುಂಗುತ್ತಿದ್ದವರು ಅಡ್ಮಿಟ್ ಆದ ದಿನವೇ ಅದನ್ನು ಹೇಳಬೇಕು. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಡಿಸ್ಚಾರ್ಜ್ ದಿನ ಔಷಧಿ ಚೀಟಿಯನ್ನೂ ನೋಡಿ. ಲ್ಯಾಸಿಕ್ಸ್ ಮುಂದೆ 1-0-1 ಎಂದಿದ್ದರೆ ಮನೆಯಲ್ಲಿ ಎರಡನೆಯದನ್ನು ರಾತ್ರಿ ಊಟದ ಮೇಲೆ ನುಂಗಿಸುತ್ತಾರೆ. ಈ ಮಗಳು ಕೌಂಟರಿನಿಂದ ವಾಪಸ್ ಬಂದು, ಡಾಕ್ಟರ ಕೈಯಲ್ಲಿ ಅದನ್ನು ‘ಬೆಳಗ್ಗೆ 8, ಮಧ್ಯಾಹ್ನ 3’ ಎಂದು ತಿದ್ದಿಸಿಕೊಂಡು ಹೋದರು.